ಆಲಮಟ್ಟಿ ಮಗ್ಗುಲಿನ ಒಂದು ಪ್ರಬಂಧ: ಬಿಸಿಲು, ಗಾಳಿ, ನೀರನ್ನು ಒಂದೇ ಅಳತೆಗೆ ತಂದ ಪ್ರಕರಣ

ನಿಡಗುಂದಿ ತಾಲೂಕಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ನಾನು ಅಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರಬಂಧ ಸ್ಪರ್ಧೆಗೆಂದು ‘ಸೌರ, ಪವನ ಮತ್ತು ಜಲವಿದ್ಯುತ್: ಒಂದು ಹೋಲಿಕೆ’ ಎಂಬ ಬರಹ ತಂದಿದ್ದಳು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಲ್ಲ ಕ್ರಮವಾಗಿದ್ದವು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ಇಡೀ ಬರಹದಲ್ಲಿ ಹೋಲಿಕೆಯೇ ಇರಲಿಲ್ಲ. ಮೂರು ಮೂಲಗಳ ಗುಣಗಾನವನ್ನು ಒಂದರ ಕೆಳಗೊಂದು ಬರೆದು, ಕೊನೆಗೆ ಒಂದು ಕೋಷ್ಟಕ ಹಾಕಿದ್ದಳು. ಆ ಬರಹ ಯಾವ ಕಾರಣಕ್ಕೆ ನಿಲ್ಲಲಿಲ್ಲ, ಹೇಗೆ ತಿದ್ದಿದೆವು, ತಿದ್ದಿದ ಮೇಲೆ ಏನು ಹೊರಬಿತ್ತು ಎಂಬುದರ ದಾಖಲೆ ಇದು.

ಕೋಷ್ಟಕದಲ್ಲಿ ಆಲಮಟ್ಟಿಯ ಮುಂದೆ 290 ಮೆಗಾವಾಟ್ ಎಂದಿತ್ತು. ಅದು ಸರಿ: ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ 55 ಮೆಗಾವಾಟ್‌ನ ಐದು ಘಟಕಗಳು, 15ರದು ಒಂದು. ಸೌರದ ಮುಂದೆ ಚಿಕ್ಕೋಡಿ ಕಡೆಯ ಇಟ್ನಾಳದ ಹಳೆಯ ಸರ್ಕಾರಿ ಘಟಕದ 3 ಮೆಗಾವಾಟ್. ಗಾಳಿಯ ಮುಂದೆ ಅಂಕಿಯೇ ಇಲ್ಲ, ‘ಸವದತ್ತಿ ಗುಡ್ಡದಲ್ಲಿ ಅನೇಕ’ ಎಂದಷ್ಟೇ. ಇದರಿಂದ ಅವಳು ತೆಗೆದ ನಿರ್ಣಯ, ಜಲವಿದ್ಯುತ್ತೇ ಶ್ರೇಷ್ಠ. ಆದರೆ ಉಪಸಂಹಾರಕ್ಕೆ ಬರುವಷ್ಟರಲ್ಲಿ ‘ನಮ್ಮ ವಿಜಯಪುರ ಬಿಸಿಲ ನಾಡು, ಆದ್ದರಿಂದ ಸೌರಶಕ್ತಿಯೇ ನಮಗೆ ಉತ್ತಮ’ ಎಂದೂ ಬರೆದಿದ್ದಳು. ಎರಡು ಪುಟದ ಅಂತರದಲ್ಲಿ ತೀರ್ಪು ಮಗುಚಿತ್ತು.

ಇಂಥ ಪ್ರಬಂಧಗಳಲ್ಲಿ ಇದು ತೀರ ಸಾಮಾನ್ಯ. ‘ಅನುಕೂಲಗಳು, ಅನಾನುಕೂಲಗಳು’ ಎಂದು ಪಟ್ಟಿ ಮಾಡಿಸುವ ಅಭ್ಯಾಸ ನಮ್ಮದೇ, ಅಂದರೆ ಶಿಕ್ಷಕರದ್ದು. ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ನಾಲ್ಕು ಅನುಕೂಲ, ನಾಲ್ಕು ಅನಾನುಕೂಲ ಸಿಕ್ಕೇ ಸಿಗುತ್ತವೆ. ಅವುಗಳನ್ನು ತೂಗುವುದು ಹೇಗೆಂದು ಮಾತ್ರ ಪಟ್ಟಿ ಹೇಳುವುದಿಲ್ಲ.

ಮೆಗಾವಾಟ್ ಬಿಟ್ಟು ಯೂನಿಟ್ಟಿಗೆ

ನಾನು ಕೇಳಿದ ಮೊದಲ ಪ್ರಶ್ನೆ, 290 ಎಂದರೆ ಏನು?

‘ಅಷ್ಟು ಕರೆಂಟ್ ಬರ್ತದ್ರೀ ಸರ.’

‘ಯಾವಾಗ?’

‘ಯಾವಾಗ್ಲೂ.’

ಅವಳ ಮನೆಯಲ್ಲಿ ಕಬ್ಬಿಗೆ ನೀರು ಹಾಯಿಸುವ 5 ಎಚ್‌ಪಿ ಮೋಟರ್ ಇದೆ. ಮೋಟರ್ 5 ಎಚ್‌ಪಿ ಎಂದರೆ ಇವತ್ತು ಎಷ್ಟು ನೀರು ಹೊಲಕ್ಕೆ ಹೋಯಿತು ಎಂದು ಗೊತ್ತಾಗುತ್ತದೆಯೇ ಎಂದು ಕೇಳಿದೆ. ‘ತ್ರೀಫೇಸ್ ಎಷ್ಟು ತಾಸು ಇತ್ತು ಅನ್ನೂದ್ರ ಮ್ಯಾಲ್ರೀ’ ಎಂದಳು. ಅಲ್ಲಿಗೆ ಅವಳ ಕೋಷ್ಟಕ ಅವಳ ಬಾಯಿಂದಲೇ ಬಿದ್ದುಹೋಯಿತು. ಮೆಗಾವಾಟ್ ಎಂದರೆ ಯಂತ್ರದ ಮೈಕಟ್ಟು. ಮನೆಗೆ ಬರುವುದು, ಬಿಲ್ಲಿನಲ್ಲಿ ಎಣಿಸುವುದು ಯೂನಿಟ್. ಒಂದು ಮೆಗಾವಾಟ್ ಒಂದು ತಾಸು ಪೂರ್ತಿ ನಡೆದರೆ ಸಾವಿರ ಯೂನಿಟ್. ವರ್ಷಕ್ಕೆ 8,760 ತಾಸು. ಹಾಗಾಗಿ ನಿಲ್ಲದೆ ನಡೆಯುವ ಒಂದು ಮೆಗಾವಾಟ್ ಯಂತ್ರ ವರ್ಷಕ್ಕೆ 87.6 ಲಕ್ಷ ಯೂನಿಟ್ ಕೊಡಬೇಕು. ಮೂರರಲ್ಲಿ ಯಾವುದೂ ಅಷ್ಟು ಕೊಡುವುದಿಲ್ಲ. ಎಷ್ಟು ಕೊಡುತ್ತದೆ ಎಂಬ ಪಾಲನ್ನೇ ಹೋಲಿಸಬೇಕಾದದ್ದು.

ನಮ್ಮ ಕಡೆಯ ಬಿಸಿಲಿಗೆ ಅಲುಗಾಡದೆ ಕೂರುವ ಸೌರ ಫಲಕ ವರ್ಷದ ಲೆಕ್ಕದಲ್ಲಿ ನೂರಕ್ಕೆ 18ರ ಆಸುಪಾಸು ಕೊಡುತ್ತದೆ. ರಾತ್ರಿಯಿಡೀ ಸೊನ್ನೆ, ಬೆಳಗ್ಗೆ ಸಂಜೆ ಅರೆಬರೆ, ಮಳೆಗಾಲದಲ್ಲಿ ಮೋಡ, ಇವೆಲ್ಲ ಕಳೆದು ಉಳಿಯುವುದು ಅಷ್ಟು. ಒಂದು ಮೆಗಾವಾಟ್‌ಗೆ ವರ್ಷಕ್ಕೆ ಸುಮಾರು 15.8 ಲಕ್ಷ ಯೂನಿಟ್. ಒಳ್ಳೆಯ ಗುಡ್ಡದ ಮೇಲಿನ ಗಾಳಿಯಂತ್ರಕ್ಕೆ ನೂರಕ್ಕೆ 25 ಹಿಡಿದರೆ 21.9 ಲಕ್ಷ. ಇಲ್ಲಿಗೇ ಅವಳಿಗೆ ಒಂದು ಆಶ್ಚರ್ಯ ಕಾದಿತ್ತು: ಮೆಗಾವಾಟ್‌ಗೆ ಮೆಗಾವಾಟ್ ನೋಡಿದರೆ ಬಿಸಿಲ ನಾಡಿನಲ್ಲೂ ಗಾಳಿ ಮುಂದೆ.

ನೀರಿನ ಪಾಲನ್ನು ಹೀಗೆ ಒಂದು ಅಂಕಿಯಲ್ಲಿ ಹಿಡಿಯಲು ಬರುವುದಿಲ್ಲ. ಅದನ್ನು ಹೊಳೆಯಿಂದಲೇ ತೆಗೆಯಬೇಕು.

ಆಲಮಟ್ಟಿಯ ಲೆಕ್ಕ

ಮಳೆಗಾಲದಲ್ಲಿ ನಮ್ಮೂರ ಪತ್ರಿಕೆಗಳಲ್ಲಿ ದಿನಾ ಒಂದು ಮಾತು ಬರುತ್ತದೆ: ವಿದ್ಯುದಾಗಾರದ ಮೂಲಕ ಸುಮಾರು 42 ಸಾವಿರ ಕ್ಯೂಸೆಕ್, ಉಳಿದದ್ದು ಗೇಟುಗಳ ಮೂಲಕ. ಈ 42 ಸಾವಿರ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುವುದಿಲ್ಲ. ಒಂದೇ ಸೂತ್ರ ಸಾಕು, ಹತ್ತನೆಯ ತರಗತಿಯವರು ಬಿಡಿಸಬಹುದು:

P = 9.81 × Q × H × η

P ಕಿಲೊವಾಟ್‌ನಲ್ಲಿ. Q ಎಂದರೆ ಸೆಕೆಂಡಿಗೆ ಹರಿಯುವ ನೀರು, ಘನಮೀಟರ್‌ನಲ್ಲಿ. H ನೀರು ಬೀಳುವ ಎತ್ತರ, ಮೀಟರ್‌ನಲ್ಲಿ. η ಯಂತ್ರದ ದಕ್ಷತೆ, ಇದಕ್ಕೆ 0.92 ಹಿಡಿದೆವು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. 42 ಸಾವಿರ ಕ್ಯೂಸೆಕ್ ಎಂದರೆ ಸುಮಾರು 1,190 ಘನಮೀಟರ್. P ಜಾಗದಲ್ಲಿ 2,90,000 ಇಟ್ಟು H ತೆಗೆದರೆ 27 ಮೀಟರ್ ಬರುತ್ತದೆ. ಅಣೆಕಟ್ಟಿನ ಕೆಳಗೆ ನಿಂತು ಮೇಲೆ ನೋಡಿದವರಿಗೆ ಈ ಉತ್ತರ ನಂಬುವಂತೆ ಕಾಣುತ್ತದೆ.

ಈಗ ಶರಾವತಿಯನ್ನು ಪಕ್ಕಕ್ಕಿಡಿ. ಲಿಂಗನಮಕ್ಕಿಯ ನೀರು ವಿದ್ಯುದಾಗಾರಕ್ಕೆ ಬೀಳುವ ಎತ್ತರ 400 ಮೀಟರಿಗೂ ಮಿಕ್ಕಿದೆ, ಅಲ್ಲಿ 1,035 ಮೆಗಾವಾಟ್. ಎತ್ತರ ಹದಿನೈದು ಪಟ್ಟು ಎಂದರೆ ಒಂದೊಂದು ಕೊಡ ನೀರಿಗೂ ಹದಿನೈದು ಪಟ್ಟು ವಿದ್ಯುತ್. ‘ಜಲವಿದ್ಯುತ್’ ಎಂದು ಒಂದೇ ಶೀರ್ಷಿಕೆಯಡಿ ಎರಡನ್ನೂ ಸೇರಿಸಿ ಬರೆಯುವ ಪ್ರಬಂಧ ಸೋಲುವುದು ಇಲ್ಲೇ. ಶರಾವತಿ ಕಟ್ಟಿದ್ದು ವಿದ್ಯುತ್ತಿಗಾಗಿ, ಬೇಕೆಂದಾಗ ಬಿಡುವ ನೀರು ಅದು. ಆಲಮಟ್ಟಿ ಕಟ್ಟಿದ್ದು ಹೊಲಕ್ಕಾಗಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಗೆ. ವಿದ್ಯುದಾಗಾರ ಬಂದದ್ದು ನಾಲ್ಕು ದಶಕ ಕಳೆದ ಮೇಲೆ.

ಇದರ ಪರಿಣಾಮ ಯೂನಿಟ್ ಲೆಕ್ಕದಲ್ಲಿ ನೇರವಾಗಿ ಕಾಣುತ್ತದೆ. 290 ಮೆಗಾವಾಟ್ ವರ್ಷಪೂರ್ತಿ ನಡೆದರೆ 254 ಕೋಟಿ ಯೂನಿಟ್ ಬರಬೇಕು. ಆದರೆ ವಿದ್ಯುದಾಗಾರಕ್ಕೆ ಪೂರ್ತಿ ನೀರು ಸಿಗುವುದು ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದು ಒಳಹರಿವು ಜೋರಾದಾಗ. ಆಮೇಲೆ ಗೇಟು ಮುಚ್ಚಿ ನೀರನ್ನು ಹಿಡಿದಿಡುತ್ತಾರೆ, ಅದು ಮುಂದಿನ ಬೆಳೆಯ ನೀರು. ಬೇಸಿಗೆಯಲ್ಲಿ ನಾರಾಯಣಪುರಕ್ಕೆ ನೀರು ಬಿಟ್ಟಾಗ ಒಂದಿಷ್ಟು ನಡೆಯುತ್ತದೆ. ಧಾರಾಳವಾಗಿ, ವರ್ಷದ ನೀರನ್ನೆಲ್ಲ ಕೂಡಿಸಿ 100 ದಿನದ ಪೂರ್ತಿ ಓಟ ಎಂದು ಊಹಿಸಿ ಲೆಕ್ಕ ಹಾಕಿಸಿದೆ. ಬಂದದ್ದು 69.6 ಕೋಟಿ ಯೂನಿಟ್. ಇದು ಅಳೆದ ಅಂಕಿಯಲ್ಲ, ಊಹೆಯ ಮಿತಿ ಎಂದು ಪ್ರಬಂಧದಲ್ಲೇ ಬರೆಯಿಸಿದೆ. ಮಳೆ ಕೈಕೊಟ್ಟ ವರ್ಷ ಇದು ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟನ್ನೇ ಬಿಸಿಲಿನಿಂದ ತೆಗೆಯಬೇಕಾದರೆ? 69.6 ಕೋಟಿಯನ್ನು 15.8 ಲಕ್ಷದಿಂದ ಭಾಗಿಸಿದರೆ ಸುಮಾರು 440 ಮೆಗಾವಾಟ್ ಸೌರ ಬೇಕು. ಪಾವಗಡದ ಸೌರ ಪಾರ್ಕು 2,050 ಮೆಗಾವಾಟ್‌ಗೆ ಸುಮಾರು 13 ಸಾವಿರ ಎಕರೆ ಹಿಡಿದಿದೆ. ಆ ಪ್ರಮಾಣದಲ್ಲಿ 440ಕ್ಕೆ 2,800 ಎಕರೆ. ಹುಡುಗಿ ಇದನ್ನು ಬರೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ನಮ್ಮ ಅಜ್ಜಾರ ಊರ ಮುಳುಗಿಸೂದು ಬ್ಯಾಡಾಗಿತ್ತಲ್ರೀ’ ಎಂದಳು.

ಮೊದಲ ಬರಹದಲ್ಲಿ ‘ಜಲವಿದ್ಯುತ್ತಿನಿಂದ ಯಾರಿಗೂ ತೊಂದರೆ ಇಲ್ಲ’ ಎಂದು ಬರೆದಿದ್ದವಳೂ ಅವಳೇ. ಗೈಡಿನಲ್ಲಿದ್ದ ವಾಕ್ಯ ಅದು. ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹೋಗಿ ನವನಗರ ಎದ್ದ ಸೀಮೆಯಲ್ಲಿ ಕುಳಿತು ಆ ವಾಕ್ಯವನ್ನು ನಕಲು ಮಾಡಬಾರದಿತ್ತು. ಆದರೆ ಅವಳ ಹೊಸ ವಾದವನ್ನೂ ಹಾಗೇ ಬಿಡಲಿಲ್ಲ. ಮುಳುಗಡೆಯ ಭಾರವನ್ನೆಲ್ಲ ವಿದ್ಯುತ್ತಿನ ತಲೆಗೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ವಿದ್ಯುದಾಗಾರ ಇಲ್ಲದಿದ್ದರೂ ಅಣೆಕಟ್ಟು ಇರುತ್ತಿತ್ತು, ಊರೂ ಮುಳುಗುತ್ತಿತ್ತು. ಲಿಂಗನಮಕ್ಕಿಯ ಮುಳುಗಡೆಯನ್ನು ವಿದ್ಯುತ್ತಿನ ಖಾತೆಗೆ ಬರೆಯಬಹುದು. ಆಲಮಟ್ಟಿಯದನ್ನು ಬರೆಯುವಾಗ ನೀರಾವರಿಗೂ ಪಾಲು ಹಾಕಬೇಕು. ಈ ಭೇದವನ್ನು ಅವಳು ಎರಡು ವಾಕ್ಯದಲ್ಲಿ ಬರೆದಳು. ನನ್ನ ಮಟ್ಟಿಗೆ ಇಡೀ ಪ್ರಬಂಧದ ಅತ್ಯುತ್ತಮ ಜಾಗ ಅದೇ.

ಇನ್ನೊಂದು ವಿಚಿತ್ರವನ್ನೂ ಸೂತ್ರವೇ ಹೇಳುತ್ತದೆ. ಮಹಾಪೂರ ಬಂದಾಗ ವಿದ್ಯುತ್ ಹೆಚ್ಚಬೇಕಲ್ಲವೇ? ಹೆಚ್ಚುವುದಿಲ್ಲ. ಯಂತ್ರಗಳು ಕುಡಿಯುವುದೇ 42 ಸಾವಿರ ಕ್ಯೂಸೆಕ್, ಅದರ ಮೇಲೆ ಬಂದದ್ದು 26 ಗೇಟುಗಳಿಂದ ಸುಮ್ಮನೆ ಹೋಗುತ್ತದೆ. ಸಾಲದ್ದಕ್ಕೆ ಲಕ್ಷಗಟ್ಟಲೆ ಕ್ಯೂಸೆಕ್ ಬಿಟ್ಟಾಗ ಅಣೆಕಟ್ಟಿನ ಕೆಳಗಿನ ಹೊಳೆ ಏರುತ್ತದೆ. ಕೆಳಗಿನ ನೀರು ಏರಿದಷ್ಟೂ H ಕುಗ್ಗುತ್ತದೆ. 27 ಮೀಟರ್ ಇದ್ದದ್ದು 20 ಆದರೆ ಉತ್ಪಾದನೆಯೂ ಕಾಲುಪಾಲು ಇಳಿಯುತ್ತದೆ. ಹೊಳೆ ತುಂಬಿ ಹರಿಯುವ ದಿನವೇ ವಿದ್ಯುತ್ ಕಡಿಮೆ. ಎತ್ತರದ ಶರಾವತಿಯ H ಏಳು ಮೀಟರ್ ಕುಗ್ಗಿದರೂ ಲೆಕ್ಕದಲ್ಲಿ ಹೆಚ್ಚೇನೂ ಕಾಣುವುದಿಲ್ಲ.

ಬಿಸಿಲು ಬೇರೆ, ಬಿಸಿ ಬೇರೆ

‘ಬಿಸಿಲ ನಾಡು’ ಎಂಬ ವಾಕ್ಯಕ್ಕೆ ಬಂದೆವು. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ 41-42 ಡಿಗ್ರಿ. ಆ ತಿಂಗಳಲ್ಲೇ ಸೌರ ಫಲಕ ಎಲ್ಲಕ್ಕಿಂತ ಚೆನ್ನಾಗಿ ನಡೆಯುತ್ತದೆ ಎಂದು ಅವಳು ಬರೆದಿದ್ದಳು. ಫಲಕಕ್ಕೆ ಬೇಕಾದದ್ದು ಬೆಳಕು. ಕಾವು ಅದಕ್ಕೆ ಶತ್ರು. ಫಲಕದ ಮೇಲೆ ಬರೆದಿರುವ ವಾಟ್ 25 ಡಿಗ್ರಿ ಕಾವಿನಲ್ಲಿ ಅಳೆದದ್ದು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಾಗಲೂ ಸಿಲಿಕಾನ್ ಫಲಕ ಸುಮಾರು ನೂರಕ್ಕೆ 0.4ರಷ್ಟು ಕಳೆದುಕೊಳ್ಳುತ್ತದೆ. ಮೇ ಮಧ್ಯಾಹ್ನ ನಮ್ಮ ಆರ್‌ಸಿಸಿ ಮಾಳಿಗೆಯ ಮೇಲೆ ಗಾಳಿ 41 ಡಿಗ್ರಿ ಇದ್ದರೆ ಫಲಕ 65ಕ್ಕೆ ಹೋಗುತ್ತದೆ. 40 ಡಿಗ್ರಿ ಹೆಚ್ಚು, ಅಂದರೆ ನೂರಕ್ಕೆ 16 ನಷ್ಟ. 3 ಕಿಲೊವಾಟ್‌ನ ಮನೆ ಮೇಲಿನ ಘಟಕ ಆ ಹೊತ್ತಿಗೆ ಎರಡೂವರೆಯಾಗಿರುತ್ತದೆ.

ಅವಳ ಕಾಕಾನ ಮನೆ ಮೇಲೆ ಅಷ್ಟೇ ಗಾತ್ರದ ಘಟಕ ಇತ್ತು, ಇನ್ವರ್ಟರಿನ ಮೊಬೈಲ್ ಆ್ಯಪಿನಲ್ಲಿ ದಿನದ ಲೆಕ್ಕ ಸಿಗುತ್ತಿತ್ತು. ತರಿಸಿ ನೋಡಿದೆವು. ಮಾರ್ಚ್‌ನ ದಿನಗಳಲ್ಲಿ 13-14 ಯೂನಿಟ್. ಮೇನಲ್ಲಿ ಹಗಲು ಉದ್ದವಾದರೂ ಅದಕ್ಕಿಂತ ಮೇಲೆ ಹೋಗಿರಲಿಲ್ಲ. ಜುಲೈನಲ್ಲಿ ಜಿಟಿಜಿಟಿ ಹಿಡಿದ ದಿನ 5-6. ಆಗೊಮ್ಮೆ ಈಗೊಮ್ಮೆ ಬೇಸಿಗೆಯಲ್ಲೂ ಲೆಕ್ಕ ಕುಸಿದಿತ್ತು, ಮೋಡದ ಸುಳಿವಿಲ್ಲದಿದ್ದರೂ. ಅದು ಧೂಳು. ಹೀಗೆ ಕುಸಿದದ್ದು ಧೂಳಿನಿಂದಲೋ ಯಂತ್ರದ ದೋಷದಿಂದಲೋ ಎಂದು ತಿಳಿಯಲು ದಿನದ ಗೆರೆ ನೋಡಬೇಕು. ಧೂಳಾದರೆ ದಿನದ ಕಮಾನು ಆಕಾರ ಕೆಡದೆ ಒಟ್ಟಾರೆ ತಗ್ಗುತ್ತಾ ಹೋಗಿ, ಫಲಕ ತೊಳೆದ ಮರುದಿನ ಮೇಲೇಳುತ್ತದೆ. ದೋಷವಾದರೆ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಇಳಿದು ಅಲ್ಲೇ ಕೂರುತ್ತದೆ. ದಿನಾ ಒಂದೇ ಹೊತ್ತಿಗೆ ಗೆರೆಯಲ್ಲಿ ಗುಂಡಿ ಬಿದ್ದರೆ ನೀರಿನ ಟಾಕಿಯದೋ ಬೇವಿನ ಮರದ್ದೋ ನೆರಳು. ಇದು ಪ್ರಬಂಧಕ್ಕೆ ಬೇಡವಾಗಿತ್ತು, ಅವಳ ಕಾಕಾನಿಗೆ ಬೇಕಾಗಿತ್ತು.

ತಿಂಗಳ ಲೆಕ್ಕ

ಗಾಳಿಯ ಬಗ್ಗೆ ಅವಳ ಬಳಿ ಅಂಕಿಗಳೇ ಇರಲಿಲ್ಲವಾದ್ದರಿಂದ ಒಂದೇ ನಿಯಮ ಕೊಟ್ಟೆ: ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 5 ಮೀಟರ್ ಬೀಸುವ ಗಾಳಿಗೂ 10 ಮೀಟರ್ ಬೀಸುವುದಕ್ಕೂ ಅಂತರ ಅಷ್ಟು. ಸುಮಾರು 3 ಮೀಟರಿಗಿಂತ ಕಡಿಮೆಯಾದರೆ ರೆಕ್ಕೆ ತಿರುಗಿದರೂ ವಿದ್ಯುತ್ ಬಾರದು. 12ರ ಮೇಲೆ ಎಷ್ಟೇ ಬೀಸಿದರೂ ಯಂತ್ರ ತನ್ನ ಮಿತಿಯಲ್ಲೇ ನಿಲ್ಲುತ್ತದೆ, 25ರ ಹತ್ತಿರ ಬಂದರೆ ಅಪಾಯವೆಂದು ತಾನೇ ಬಂದ್ ಆಗುತ್ತದೆ. ಸವದತ್ತಿ ಗುಡ್ಡದ ಮೇಲೆ ಯಂತ್ರಗಳಿರುವುದಕ್ಕೆ, ನಮ್ಮ ಡೋಣಿ ಸೀಮೆಯ ಎರೆಹೊಲದ ತಗ್ಗಿನಲ್ಲಿ ಇಲ್ಲದಿರುವುದಕ್ಕೆ ಈ ಎಂಟು ಪಟ್ಟೇ ಕಾರಣ. ಬಿಸಿಲು ಪಕ್ಕದೂರಿನಲ್ಲೂ ಅಷ್ಟೇ ಇರುತ್ತದೆ, ಗಾಳಿ ಹಾಗಲ್ಲ.

ಆಮೇಲೆ ಹನ್ನೆರಡು ತಿಂಗಳ ಪಟ್ಟಿ ಹಾಕಿಸಿ ಪ್ರತಿ ಮೂಲ ಯಾವಾಗ ಬರುತ್ತದೆ ಎಂದು ಗುರುತು ಹಾಕಿಸಿದೆ. ಪ್ರಬಂಧದ ದಿಕ್ಕು ತಿರುಗಿದ್ದು ಇಲ್ಲಿ. ಕರ್ನಾಟಕದಲ್ಲಿ ಗಾಳಿಯ ಸುಗ್ಗಿ ಮುಂಗಾರಿನ ತಿಂಗಳುಗಳು, ಜೂನ್‌ನಿಂದ ಆಗಸ್ಟ್, ಸ್ವಲ್ಪ ಆಚೀಚೆ. ಆಲಮಟ್ಟಿ ಪೂರ್ತಿ ನಡೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಸೌರ ಕುಗ್ಗುವುದೂ ಆಗಲೇ. ಅಂದರೆ ಬಿಸಿಲು ಮತ್ತು ಗಾಳಿ ಒಂದರ ಕೊರತೆಯನ್ನು ಒಂದು ತುಂಬುತ್ತವೆ, ಗಾಳಿ ಮತ್ತು ಆಲಮಟ್ಟಿ ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪಂಪ್‌ಸೆಟ್ಟುಗಳೂ ಫ್ಯಾನುಗಳೂ ಜೋರಾಗಿ ವಿದ್ಯುತ್ ಕೇಳುವಾಗ ಗಾಳಿ ಮಂದ, ನೀರು ಬೆಳೆಗೆ ಮೀಸಲು. ಉಳಿಯುವುದು ಬಿಸಿಲೊಂದೇ. ಹೀಗೆ ನೋಡಿದರೆ ‘ನಮಗೆ ಸೌರ ಉತ್ತಮ’ ಎಂಬ ಅವಳ ಹಳೆಯ ವಾಕ್ಯಕ್ಕೆ ಆಧಾರ ಸಿಕ್ಕಿತು, ಆದರೆ ಅವಳು ಬರೆದಿದ್ದ ಕಾರಣಕ್ಕಲ್ಲ. ಬಿಸಿಲು ಹೆಚ್ಚಿದೆ ಎಂದಲ್ಲ, ಉಳಿದೆರಡು ಇಲ್ಲದ ತಿಂಗಳಲ್ಲಿ ಅದು ಇದೆ ಎಂದು.

ಪಂಪ್‌ಸೆಟ್ಟಿಗೆ ಹಗಲು ತ್ರೀಫೇಸ್ ಕೊಟ್ಟರೆ ಸೌರಕ್ಕೆ ಅದು ಹೇಳಿ ಮಾಡಿಸಿದ ಜೋಡಿ, ರಾತ್ರಿ ಹೊಲಕ್ಕೆ ಹೋಗುವ ಪಾಡೂ ತಪ್ಪುತ್ತದೆ. ಆದರೆ ಸಂಜೆ ಏಳು ಗಂಟೆಗೆ, ಊರೆಲ್ಲ ದೀಪ ಹಚ್ಚಿ ಟಿವಿ ಹಾಕಿದಾಗ, ಸೌರ ಸೊನ್ನೆ. ಅವಳ ಮನೆಯ ಮಾಳಿಗೆಯಿಂದ ಕೂಡಗಿಯ ಚಿಮಣಿ ಕಾಣುತ್ತದೆ, 2,400 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ. ಅದು ಬೇಕಾಗಿರುವುದು ಈ ಹೊತ್ತಿಗೆ. ಪ್ರಬಂಧದ ವಿಷಯದಲ್ಲಿ ಕಲ್ಲಿದ್ದಲು ಇಲ್ಲದಿದ್ದರೂ ಅದನ್ನು ಒಂದು ವಾಕ್ಯದಲ್ಲಿ ಹೇಳದೆ ಮುಗಿಸಬಾರದು ಎಂದೆ, ಒಪ್ಪಿದಳು. ನೀರಿಗೆ ಇರುವ ಬಲವೂ ಇಲ್ಲೇ ಕಾಣುತ್ತದೆ: ಗೇಟು ತೆರೆದು ಕೆಲವೇ ನಿಮಿಷದಲ್ಲಿ ಯಂತ್ರವನ್ನು ಪೂರ್ತಿ ವೇಗಕ್ಕೆ ತರಬಹುದು, ಮೂರರಲ್ಲಿ ಹೇಳಿದ ಹೊತ್ತಿಗೆ ಬರುವುದು ಅದೊಂದೇ. ಶರಾವತಿಗೆ ಇದು ಪೂರ್ತಿ ಅನ್ವಯ. ಆಲಮಟ್ಟಿಗೆ ಅರ್ಧ ಮಾತ್ರ, ಅಲ್ಲಿ ನೀರು ಬಿಡುವ ಹೊತ್ತನ್ನು ಹೊಲ ಮತ್ತು ಕುಡಿಯುವ ನೀರಿನ ಲೆಕ್ಕ ನಿರ್ಧರಿಸುತ್ತದೆ.

ತಿದ್ದಿದ ಪ್ರಬಂಧ

ಹೊಸ ಬರಹದಲ್ಲಿ ಪೀಠಿಕೆ ಎರಡೇ ವಾಕ್ಯಕ್ಕೆ ಇಳಿಯಿತು. ‘ಅನುಕೂಲ-ಅನಾನುಕೂಲ’ ಪಟ್ಟಿ ಹೋಯಿತು. ಮೂರು ಮೂಲಗಳಿಗೂ ಒಂದೇ ಮೂರು ಪ್ರಶ್ನೆ ಕೇಳಿದ್ದಳು: ಒಂದು ಮೆಗಾವಾಟ್‌ಗೆ ವರ್ಷಕ್ಕೆ ಎಷ್ಟು ಯೂನಿಟ್, ಯಾವ ತಿಂಗಳು ಯಾವ ಹೊತ್ತಿನಲ್ಲಿ, ಎಷ್ಟು ನೆಲ ಮತ್ತು ಯಾರ ನೆಲ. ಖರ್ಚಿನ ಸಾಲನ್ನು ನಾನೇ ತೆಗೆಯಿಸಿದೆ. ವರ್ಷಕ್ಕೊಮ್ಮೆ ಬದಲಾಗುವ ದರಗಳನ್ನು ಹಳೆಯ ಪುಸ್ತಕದಿಂದ ಎತ್ತಿ ಬರೆದರೆ ಉಳಿದ ಲೆಕ್ಕದ ಮೇಲೂ ನಂಬಿಕೆ ಹೋಗುತ್ತದೆ. ಶ್ರೇಷ್ಠ ಯಾವುದು ಎಂದು ಬರೆಯಲಿಲ್ಲ. ಅದಕ್ಕೆ ಸಹೋದ್ಯೋಗಿಯೊಬ್ಬರು ಮುಖ ಕಿವುಚಿದರು, ತೀರ್ಪುಗಾರರಿಗೆ ನಿರ್ಣಯ ಬೇಕು ಎಂಬುದು ಅವರ ಅನುಭವ. ಅವರ ಮಾತಿನಲ್ಲಿ ಹುರುಳಿತ್ತು. ಹಾಗಾಗಿ ಕೊನೆಯ ಪರಿಚ್ಛೇದದಲ್ಲಿ ಒಂದು ನಿರ್ಣಯ ಬಂತು, ಆದರೆ ಮಿತಿಯೊಂದಿಗೆ: ಈ ಜಿಲ್ಲೆಗೆ, ಬೇಸಿಗೆಯ ಹಗಲಿಗೆ ಸೌರ, ಮುಂಗಾರಿಗೆ ಗಾಳಿ, ಸಂಜೆಗೆ, ನೀರಿದ್ದರೆ, ನೀರು.

ಪುಟಮಿತಿಯಿಂದಾಗಿ ಹೊರಗುಳಿದ ಒಂದು ಭಾಗ ಇದೆ, ಅದನ್ನು ಅವಳು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಮಧ್ಯಾಹ್ನ ಸೌರ ವಿದ್ಯುತ್ ಹೆಚ್ಚಾದಾಗ ಅದರಿಂದ ನೀರನ್ನು ಕೆಳಗಿನ ಕೆರೆಯಿಂದ ಗುಡ್ಡದ ಮೇಲಿನ ಕೆರೆಗೆ ಎತ್ತಿ, ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ ಪದ್ಧತಿ. ಮಲಪ್ರಭೆಯ ರೇಣುಕಾ ಸಾಗರ ಮತ್ತು ಸವದತ್ತಿಯ ಗುಡ್ಡಗಳ ನಡುವೆ ಇಂಥ ಯೋಜನೆ ಕೈಗೆತ್ತಿಕೊಂಡಿದ್ದಾರೆ. 100 ಯೂನಿಟ್ ಖರ್ಚು ಮಾಡಿ ಎತ್ತಿದರೆ 75ರಿಂದ 80 ವಾಪಸು ಬರುತ್ತದೆ, ಉಳಿದದ್ದು ಪಂಪು, ಕೊಳವೆ, ಯಂತ್ರಗಳಲ್ಲಿ ಕಳೆಯುತ್ತದೆ. ‘ಇಪ್ಪತ್ತು ಯೂನಿಟ್ ಸುಮ್ನ ಹಾಳಲ್ರೀ’ ಎಂದು ಅವಳು ಮೊದಲು ಗೊಣಗಿದಳು. ಮಧ್ಯಾಹ್ನ ಕೊಳ್ಳುವವರಿಲ್ಲದೆ ಸೌರ ಘಟಕವನ್ನೇ ತಗ್ಗಿಸಿದರೆ ಹೋಗುವುದು ಎಷ್ಟು ಎಂದು ಕೇಳಿದೆ. ಆ ಹಾಳೆಯ ಕೆಳಗೆ ಈಗ ಅವಳೇ 100ರ ಎರಡು ಲೆಕ್ಕ ಪಕ್ಕಪಕ್ಕ ಹಾಕಿದ್ದಾಳೆ. ಒಂದರ ಉತ್ತರ 78, ಇನ್ನೊಂದರದು ಸೊನ್ನೆ.